ಮೂರನೇ ದೋಣಿಯ ಸಾಲು

ಬೆಳಗಿನ ಐದೂವರೆಯ ವಾರ್ತೆ ಹತ್ತು ನಿಮಿಷದ್ದು. ಅದನ್ನು ಎಂಟು ಸಾಲಿಗೆ ಇಳಿಸುವುದು ನನ್ನ ಕೆಲಸ.

ವಾರ್ತೆ ಓದುವುದು ರಾಜಧಾನಿಯ ನಿಲಯದಲ್ಲಿ. ನಮ್ಮದು ಬಂದರು ಪಟ್ಟಣದ ಸಣ್ಣ ಬಾನುಲಿ ಕೇಂದ್ರ. ಅವರು ಓದುವ ಪ್ರತಿ ನಮಗೆ ಬರುವುದಿಲ್ಲ, ದನಿ ಮಾತ್ರ ಬರುತ್ತದೆ. ಅದನ್ನು ಧ್ವನಿಮುದ್ರಿಸಿಕೊಂಡು, ಕೇಳಿ, ಒಂದಕ್ಷರ ಬಿಡದೆ ಬೆರಳಚ್ಚು ಮಾಡುವವರು ಅಕ್ಕ. ಅಕ್ಕ ಎಂದರೆ ನನ್ನ ಸ್ವಂತ ಅಕ್ಕ ಅಲ್ಲ. ಹದಿನೆಂಟು ವರ್ಷದಿಂದ ಅದೇ ಮೇಜಿನಲ್ಲಿ ಕೂತಿದ್ದಾರೆ, ಕೇಂದ್ರದಲ್ಲಿ ಎಲ್ಲರಿಗೂ ಅಕ್ಕ. ಅವರು ಟೈಪ್ ಮಾಡಿ ಕೊಟ್ಟ ಪುಟಗಳಿಂದ ನಾನು ಎಂಟು ಸುದ್ದಿ ಆರಿಸಿ, ಒಂದೊಂದನ್ನೂ ಹದಿನಾಲ್ಕು ಪದದೊಳಗೆ ಬರೆಯುತ್ತೇನೆ. ಆರೂ ಮುಕ್ಕಾಲಿಗೆ ಆ ಹಾಳೆ ಊರಿನ ಸಾವಿರಾರು ಫೋನುಗಳಿಗೆ ಹೋಗುತ್ತದೆ. ಆಸ್ಪತ್ರೆ, ಬಸ್ ನಿಲ್ದಾಣ, ಬಂದರು ಕಚೇರಿಯ ಗೋಡೆಗಳಿಗೆ ಕಾಗದದಲ್ಲೂ ಅಂಟುತ್ತದೆ. ಜನ ನಿಂತಲ್ಲೇ ಓದಿ ಮುಂದೆ ಹೋಗುತ್ತಾರೆ.

ಕೆಲಸಕ್ಕೆ ಸೇರಿದ ದಿನ ಸಂಪಾದಕರು ಹೇಳಿದ್ದು ಇಷ್ಟು: "ನೋಡಮ್ಮ, ಯಾರು, ಏನು, ಯಾವಾಗ. ಈ ಮೂರು ಇದ್ದರೆ ಸುದ್ದಿ. ಇಲ್ಲದಿದ್ದರೆ ಹರಟೆ."

ಉಳಿದದ್ದನ್ನೆಲ್ಲ ಕಲಿಸಿದ್ದು ಅಕ್ಕ. ವಾರ್ತೆಯಲ್ಲಿ 'ನಾಳೆ' ಎಂದಿದ್ದರೆ ಹಾಳೆಯಲ್ಲಿ ವಾರದ ಹೆಸರು ಬರೆಯಬೇಕು, ಏಕೆಂದರೆ ಹಾಳೆಯನ್ನು ಯಾರು ಯಾವ ಹೊತ್ತಿಗೆ ಓದುತ್ತಾರೋ ಗೊತ್ತಿಲ್ಲ. ಯಾರಾದರೂ ಹೇಳಿದ ಮಾತನ್ನು ಹೇಳಿದವರಿಲ್ಲದೆ ಬರೆಯಬಾರದು. 'ಸೇತುವೆ ಭದ್ರವಾಗಿದೆ' ಬೇರೆ, 'ಸೇತುವೆ ಭದ್ರವಾಗಿದೆ: ಎಂಜಿನಿಯರ್' ಬೇರೆ. ವಾರ್ತೆಯಲ್ಲಿ ಇಲ್ಲದ ಪದ ಹಾಳೆಗೆ ಬರಬಾರದು, ಎಷ್ಟೇ ಚೆನ್ನಾಗಿ ಹೊಂದಿದರೂ.

ಇದೆಲ್ಲ ನನಗೆ ಅರ್ಥವಾಗುತ್ತಿತ್ತು, ಧೈರ್ಯ ಮಾತ್ರ ಬರುತ್ತಿರಲಿಲ್ಲ. ಹಗಲು ಡಬ್ಬಿಗಳಿಗೆ ಚೀಟಿ ಅಂಟಿಸಿ, ಸಂಜೆ ಕಾಲೇಜಿನಲ್ಲಿ ತೂಕಡಿಸುತ್ತ ಓದಿ ಪದವಿ ಮುಗಿಸಿದವಳು ನಾನು. ಇಲ್ಲಿ ಆರು ತಿಂಗಳ ಪರೀಕ್ಷಾವಧಿ, ಅದರಲ್ಲಿ ಐದನೆಯದು ನಡೆಯುತ್ತಿತ್ತು. ಒಂದು ಸಾಲು ಬರೆದು ಪದ ಎಣಿಸುತ್ತಿದ್ದೆ, ಮತ್ತೆ ಎಣಿಸುತ್ತಿದ್ದೆ, ಎರಡು ಸಲವೂ ಒಂದೇ ಲೆಕ್ಕ ಬಂದರೆ ಮೂರನೇ ಸಲ.

"ಪದಗಳೇನು ಕಾಲು ಬಂದು ಓಡಿ ಹೋಗ್ತಾವೇನೇ ಮರಿ?" ಎನ್ನುತ್ತಿದ್ದರು ಅಕ್ಕ.

ಆ ಮಂಗಳವಾರವೂ ಹಾಗೆಯೇ ಶುರುವಾಯಿತು. ಅಕ್ಕ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಧ್ವನಿಮುದ್ರಣವನ್ನು ನಿಲ್ಲಿಸಿ ಓಡಿಸುವ ಪೆಡಲ್ ಮೇಲೆ ಕಾಲಿಟ್ಟು ಕೂತಿದ್ದರು. ಪೆಡಲ್ ಒತ್ತಿದರೆ ದನಿ, ಬಿಟ್ಟರೆ ಮೌನ. ಅವರ ಬೆರಳುಗಳ ಸದ್ದು ಒಂದೇ ಸಮನೆ ಬರುತ್ತಿತ್ತು. ನಾನು ಎದುರು ಮೇಜಿನಲ್ಲಿ ಪೆನ್ಸಿಲ್ ಚೂಪು ಮಾಡುತ್ತಿದ್ದೆ. ನಡುವೆ ಒಮ್ಮೆ ಸದ್ದು ನಿಂತದ್ದು ನನಗೆ ನೆನಪಿದೆ. ಅಕ್ಕ ಕೆಮ್ಮುತ್ತಿರಬಹುದು ಎಂದುಕೊಂಡೆ. ತಲೆ ಎತ್ತಿ ನೋಡಲಿಲ್ಲ. ಮತ್ತೆ ಸದ್ದು ಶುರುವಾಯಿತು.

ಆರು ಹತ್ತಕ್ಕೆ ಪುಟಗಳು ನನ್ನ ಮೇಜಿಗೆ ಬಂದವು. ಅಕ್ಕ ಕಿಟಕಿಯ ಹತ್ತಿರ ಹೋಗಿ ನಿಂತರು. ಸಾಮಾನ್ಯವಾಗಿ ಆ ಹೊತ್ತಿಗೆ ಫ್ಲಾಸ್ಕಿನಿಂದ ಇಬ್ಬರಿಗೂ ಚಹಾ ಬಗ್ಗಿಸುತ್ತಾರೆ. ಅವತ್ತು ಬಗ್ಗಿಸಲಿಲ್ಲ.

ಮೊದಲ ಸುದ್ದಿ ನೀರಿನದು. ಕೊಳವೆ ದುರಸ್ತಿಗಾಗಿ ನಾಳೆ ಬೆಳಿಗ್ಗೆ ಎಂಟರಿಂದ ಎರಡು ದಿನ ಉತ್ತರದ ಬಡಾವಣೆಗಳಿಗೆ ನೀರು ಬರುವುದಿಲ್ಲ ಎಂದು ಜಲಮಂಡಳಿ ಹೇಳಿತ್ತು. ಅದು ಐದು ವಾಕ್ಯ ಇತ್ತು. ನಾನು ಬರೆದೆ: 'ಉತ್ತರ ಬಡಾವಣೆಗಳಿಗೆ ಬುಧವಾರ ಬೆಳಿಗ್ಗೆ 8ರಿಂದ ಎರಡು ದಿನ ನೀರಿಲ್ಲ: ಜಲಮಂಡಳಿ.' ಎರಡನೆಯದು, ಮೂರನೆಯದು ಸರಾಗವಾಗಿ ಮುಗಿದವು. ನಾಲ್ಕನೆಯದು ದೋಣಿಗಳದ್ದು.

ಅಕ್ಕ ಟೈಪ್ ಮಾಡಿದ್ದರಲ್ಲಿ ಹೀಗಿತ್ತು: ಬಿರುಗಾಳಿಗೆ ಸಿಲುಕಿದ್ದ ಉತ್ತರ ಬಂದರಿನ ಮೂರು ಮೀನುಗಾರಿಕೆ ದೋಣಿಗಳ ಪೈಕಿ ಎರಡು ನಿನ್ನೆ ರಾತ್ರಿ ದಡ ಸೇರಿವೆ, ಅವುಗಳಲ್ಲಿದ್ದ ಹನ್ನೊಂದು ಮಂದಿಯೂ ಕ್ಷೇಮ. ಆಮೇಲೆ ಗಾಳಿಯ ವೇಗ, ಹವಾಮಾನ ಕಚೇರಿಯ ಎಚ್ಚರಿಕೆ. ಅಲ್ಲಿಗೆ ಮುಗಿದು ಐದನೇ ಸುದ್ದಿ.

ನಾನು ಬರೆದೆ: 'ಬಿರುಗಾಳಿಗೆ ಸಿಲುಕಿದ್ದ ಉತ್ತರ ಬಂದರಿನ ಮೂರು ದೋಣಿಗಳಲ್ಲಿ ಎರಡು ಸೋಮವಾರ ರಾತ್ರಿ ದಡಕ್ಕೆ, ಹನ್ನೊಂದು ಮಂದಿ ಕ್ಷೇಮ.' ಎಣಿಸಿದೆ. ಹದಿಮೂರು ಪದ. ಯಾರು ಇದೆ, ಏನು ಇದೆ, ಯಾವಾಗ ಇದೆ.

ಮೂರನೆಯದು ಎಲ್ಲಿ?

ನನ್ನ ಮೊದಲ ಯೋಚನೆ, ನಾನೇ ಏನೋ ತಪ್ಪು ಓದಿದ್ದೇನೆ ಎಂದು. ಮತ್ತೆ ಓದಿದೆ. ಇಲ್ಲ. ಅಕ್ಕ ಪ್ರತಿ ಸುದ್ದಿಯ ಪಕ್ಕದಲ್ಲಿ ಅದು ಮುದ್ರಣದಲ್ಲಿ ಶುರುವಾಗುವ ನಿಮಿಷ, ಸೆಕೆಂಡು ಬರೆಯುತ್ತಾರೆ. ನಾಲ್ಕನೆಯದರ ಪಕ್ಕದಲ್ಲಿ ಮೂರು ನಿಮಿಷ ಹತ್ತು. ಐದನೆಯದರ ಪಕ್ಕದಲ್ಲಿ ನಾಲ್ಕು ನಿಮಿಷ ಐದು. ನಡುವೆ ಐವತ್ತೈದು ಸೆಕೆಂಡು. ವಾರ್ತೆ ಓದುವವರು ನಿಮಿಷಕ್ಕೆ ಸುಮಾರು ನೂರು ಪದ ಓದುತ್ತಾರೆ. ಇಲ್ಲಿದ್ದದ್ದು ಐವತ್ತಕ್ಕೂ ಕಡಿಮೆ.

ಅಕ್ಕ ಪದ ಬಿಡುವವರಲ್ಲ. ಓದುವವರು ತಡವರಿಸಿದರೆ ಅದನ್ನೂ ಕಂಸದಲ್ಲಿ ಬರೆಯುವವರು. ಅವರ ಪುಟವನ್ನು ಅನುಮಾನಿಸುವುದಕ್ಕೆ ನನಗೆ ನಾಚಿಕೆಯಾಯಿತು. ಆದರೂ ಕಳ್ಳಿಯ ಹಾಗೆ ಹೆಡ್‌ಫೋನ್ ಎತ್ತಿಕೊಂಡು, ಮುದ್ರಣವನ್ನು ಮೂರು ನಿಮಿಷ ಹತ್ತಕ್ಕೆ ತಂದು ಕೇಳಿದೆ.

"...ಹನ್ನೊಂದು ಮಂದಿಯೂ ಕ್ಷೇಮವಾಗಿದ್ದಾರೆ. ನಾಲ್ವರಿದ್ದ ಮೂರನೇ ದೋಣಿಯ ಸಂಪರ್ಕ ನಿನ್ನೆ ಮಧ್ಯಾಹ್ನ ಮೂರು ಗಂಟೆಯಿಂದ ಕಡಿದುಹೋಗಿದೆ. ಇಂದು ಬೆಳಗಿನಿಂದ ಶೋಧ ನಡೆಯಲಿದೆ ಎಂದು ಬಂದರು ಅಧಿಕಾರಿ ತಿಳಿಸಿದ್ದಾರೆ. ಕರಾವಳಿ ಕಾವಲಿನ ಎರಡು ಹಡಗುಗಳು..."

ಹೆಡ್‌ಫೋನ್ ತೆಗೆದಾಗ ಅಕ್ಕ ನನ್ನನ್ನೇ ನೋಡುತ್ತಿದ್ದರು.

"ಕೇಳ್ದೆಯಾ?" ಎಂದರು.

"ಹೂಂ."

"ನನ್ನ ತಮ್ಮ ಕಣೇ ಅದು."

ಅವರ ತಮ್ಮನನ್ನು ನಾನು ನೋಡಿರಲಿಲ್ಲ, ಕೇಳಿದ್ದೆ. ಉತ್ತರ ಬಂದರಿನಲ್ಲಿ ಒಂದು ಕೋಣೆ ಮಾಡಿಕೊಂಡಿದ್ದವನು, ಮೂವತ್ತೆಂಟಾದರೂ ಮದುವೆಯಾಗದವನು, ಮನೆಗೆ ಬಂದಾಗಲೆಲ್ಲ ಒಂದಲ್ಲ ಒಂದು ವಸ್ತು ಮರೆತು ಹೋಗುವವನು.

"ಅವನೇ ಅಂತ ಹೇಗೆ ಹೇಳ್ತೀರಿ ಅಕ್ಕ? ಹೆಸರು ಹೇಳಿಲ್ಲವಲ್ಲ."

"ಅವನು ಕೆಲಸ ಮಾಡೋ ಯಜಮಾನಂದು ಮೂರೇ ದೋಣಿ. ಮೂರೂ ಒಟ್ಟಿಗೆ ಹೋಗ್ತಾವೆ. ನಾಲ್ಕೇ ಜನ ಹೋಗೋ ಚಿಕ್ಕದು ಇವನದ್ದು." ಅವರು ಬೀಗ ಹಾಕುವ ಡ್ರಾಯರಿನಿಂದ ಫೋನ್ ತೆಗೆದು ಆನ್ ಮಾಡಿದರು. ಧ್ವನಿಮುದ್ರಣದ ಕೋಣೆಯಲ್ಲಿ ಫೋನ್ ಆರಿಸಿಡುವುದು ನಮ್ಮಲ್ಲಿ ನಿಯಮ. ಅದು ಬೆಳಗುತ್ತಿದ್ದಂತೆ ಯಜಮಾನನ ಮೂರು ಕರೆಗಳು ತಪ್ಪಿದ್ದು ಕಂಡಿತು. ಅಕ್ಕ ತಿರುಗಿ ಕರೆ ಮಾಡಿದರು. ಅರ್ಧ ನಿಮಿಷ ಮಾತು. ಅವನು ಹೇಳಿದ್ದೂ ವಾರ್ತೆಯಲ್ಲಿದ್ದಷ್ಟೇ, ಹೆಚ್ಚಿಲ್ಲ, ಕಡಿಮೆ ಇಲ್ಲ.

ಅಕ್ಕ ಕುರ್ಚಿಯಲ್ಲಿ ಕೂತರು. "ಅಮ್ಮ ಏಳು ಗಂಟೆಗೆ ಹಾಳೆ ಓದ್ತಾಳೆ," ಎಂದರು.

ಅದು ನನಗೂ ಗೊತ್ತಿತ್ತು. ಅಕ್ಕನ ತಾಯಿಗೆ ಕಿವಿ ಕೇಳುವುದಿಲ್ಲ. ರೇಡಿಯೊ, ಫೋನಿನ ಕರೆ, ಪಕ್ಕದ ಮನೆಯವರ ಕೂಗು, ಯಾವುದೂ ಇಲ್ಲ. ಹೊರಗಿನ ಲೋಕ ಅವರಿಗೆ ತಲುಪುವುದು ನಮ್ಮ ಎಂಟು ಸಾಲಿನ ಮೂಲಕ. ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು, ತುಟಿ ಆಡಿಸುತ್ತ ಓದುತ್ತಾರಂತೆ. ಮೂರು ತಿಂಗಳ ಹಿಂದೆ ಎದೆನೋವು ಬಂದು ಆಸ್ಪತ್ರೆಯಲ್ಲಿದ್ದರು. ಗಾಬರಿಯಾಗುವಂಥದ್ದು ಯಾವುದೂ ಬೇಡ ಎಂದಿದ್ದರು ವೈದ್ಯರು.

"ಮೂರು ದೋಣಿ ಅನ್ನೋದನ್ನ ಎರಡು ಅಂತ ತಿದ್ದೋಣ ಅಂತಾನೂ ನೋಡ್ದೆ. ಬೆರಳು ಏಳಲಿಲ್ಲ. ಇಷ್ಟು ವರ್ಷದಲ್ಲಿ ಹೇಳದೇ ಇದ್ದ ಪದ ಒಂದೂ ಹೊಡೆದಿಲ್ಲ ನಾನು. ಬಿಡೋದಕ್ಕೆ ಮಾತ್ರ ಆಯ್ತು." ಫೋನನ್ನು ಮೇಜಿನ ಮೇಲಿಟ್ಟು, "ನೀನು ಎಣಿಸ್ತೀಯ ಅನ್ನೋದು ಮರೆತೇಬಿಟ್ಟೆ ನೋಡು," ಎಂದರು.

ಗಡಿಯಾರ ಆರು ಇಪ್ಪತ್ತು ತೋರಿಸುತ್ತಿತ್ತು.

ನಾನು ನನ್ನ ಸಾಲನ್ನು ನೋಡಿದೆ. ಅದನ್ನು ಹಾಗೆಯೇ ಬಿಡಬಹುದಿತ್ತು. ಬರೆದದ್ದರಲ್ಲಿ ಒಂದು ಪದವೂ ತಪ್ಪಿರಲಿಲ್ಲ. ಆ ಮುದುಕಿ ಏಳು ಗಂಟೆಗೆ ಓದಿ, ಮೂರರಲ್ಲಿ ಎರಡು ಬಂದವು, ಮೂರನೆಯದೂ ಬಂದಿರುತ್ತದೆ ಎಂದುಕೊಳ್ಳುತ್ತಾರೆ. ಅಥವಾ ಮೂರನೆಯದು ಎಲ್ಲಿ ಎಂದು ನನ್ನ ಹಾಗೆಯೇ ಕೇಳುತ್ತಾರೆ, ಆಗ ಉತ್ತರ ಹೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಆ ದೋಣಿಯಲ್ಲಿ ಇನ್ನೂ ಮೂವರು ಇದ್ದರು. ಅವರ ಮನೆಗಳಲ್ಲೂ ಹಾಳೆ ಓದುವವರು ಇರಬಹುದು.

ಇದನ್ನೆಲ್ಲ ನಾನು ಅಕ್ಕನಿಗೆ ಹೇಳಬೇಕಿತ್ತು. ನನ್ನ ಬಾಯಿಂದ ಬಂದದ್ದು ಇಷ್ಟೇ: "ಅಕ್ಕ, ಮೂರನೇದು ಹೇಳದೇ ಇದ್ರೆ ಎರಡು ಬಂತು ಅನ್ನೋದೂ ಸುಳ್ಳಿನ ಹಾಗೆ ಕೇಳಿಸುತ್ತೆ."

ಹೇಳಿದ ಮೇಲೆ ನನ್ನ ಕಿವಿ ಬಿಸಿಯಾಯಿತು. ಹದಿನೆಂಟು ವರ್ಷ ಕೆಲಸ ಮಾಡಿದವರಿಗೆ ಐದು ತಿಂಗಳವಳು ಪಾಠ ಹೇಳುವುದೆ?

ಅಕ್ಕ ಪುಟಗಳನ್ನು ತಮ್ಮ ಕಡೆ ಎಳೆದುಕೊಂಡರು. ಬೈಯುತ್ತಾರೆ ಎಂದುಕೊಂಡೆ. "ಬರಿ," ಎಂದರು. "ನಾನು ಪುಟ ಸರಿಮಾಡ್ತೀನಿ."

ಅವರು ಹೆಡ್‌ಫೋನ್ ಹಾಕಿಕೊಂಡು, ಪೆಡಲ್ ಒತ್ತಿ, ಬಿಟ್ಟಿದ್ದ ವಾಕ್ಯಗಳನ್ನು ಒಂದೊಂದಾಗಿ ಕೇಳಿ ಟೈಪ್ ಮಾಡಿದರು. ಎರಡನೇ ಸಲ ಅದೇ ಮಾತು ಕಿವಿಗೆ ಬೀಳುವಾಗ ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ನಾನು ಕಾಗದ ನೋಡುತ್ತಿದ್ದೆ. ಆ ನಾಲ್ವರ ಮನೆಯವರಿಗೆ ಏನು ಗೊತ್ತಾಗಬೇಕು? ಏನು ಗೊತ್ತಿದೆಯೋ ಅಷ್ಟು. ಒಂದು ಕೂದಲಿನಷ್ಟೂ ಹೆಚ್ಚಲ್ಲ. ಮೂರು ಸಲ ಹೊಡೆದು ಹಾಕಿ ನಾಲ್ಕನೇ ಸಲ ಬರೆದೆ: 'ನಾಲ್ವರಿದ್ದ ಮೂರನೇ ದೋಣಿಯ ಸಂಪರ್ಕ ಸೋಮವಾರ ಮಧ್ಯಾಹ್ನ 3ರಿಂದ ಇಲ್ಲ, ಮಂಗಳವಾರ ಬೆಳಗಿನಿಂದ ಶೋಧ: ಬಂದರು ಅಧಿಕಾರಿ.'

ದೋಣಿಯ ಸುದ್ದಿ ಹೀಗೆ ಎರಡು ಸಾಲು ತೆಗೆದುಕೊಂಡಿತು. ಕೊನೆಯಲ್ಲಿದ್ದ ಶಾಲಾ ಮಕ್ಕಳ ಈಜು ಸ್ಪರ್ಧೆಯ ಸುದ್ದಿಯನ್ನು ಕೈಬಿಟ್ಟೆ.

ಆರೂವರೆಗೆ ಸಂಪಾದಕರು ಬಂದರು. ಛತ್ರಿ ಮೂಲೆಗೆ ಒರಗಿಸಿ, ಕನ್ನಡಕ ಹಣೆಯಿಂದ ಮೂಗಿಗೆ ಇಳಿಸಿ, ನಿಂತೇ ಓದಿದರು. ಅವರು ಕೆಟ್ಟವರಲ್ಲ, ಆತುರದವರು.

"ಈಜು ಸ್ಪರ್ಧೆ ಎಲ್ಲಮ್ಮ? ನೂರು ಮಕ್ಕಳ ಅಪ್ಪ ಅಮ್ಮ ಫೋನ್ ಮಾಡ್ತಾರೆ ಈಗ."

"ದೋಣಿಗೆ ಎರಡು ಸಾಲು ಬೇಕಾಯ್ತು ಸರ್."

"ಯಾಕೆ ಬೇಕು?" ಪೆನ್ನು ತೆಗೆದು ಅಂಚಿನಲ್ಲಿ ಬರೆದರು: 'ಎರಡು ದೋಣಿ ದಡಕ್ಕೆ, ನಾಲ್ವರಿದ್ದ ಒಂದು ನಾಪತ್ತೆ, ಶೋಧ.' "ನೋಡು, ಏಳು ಪದ. ಈಜೂ ಬಂತು, ದೋಣೀನೂ ಬಂತು."

ಅಕ್ಕ ತಮ್ಮ ಮೇಜಿನಲ್ಲಿ ಪುಟಗಳನ್ನು ಜೋಡಿಸುತ್ತಿದ್ದರು. ಅವರ ಕೈ ನಿಂತಿತು.

ಸಂಪಾದಕರಿಗೆ ನಾನು ಅಲ್ಲಿಯವರೆಗೆ 'ಆಯ್ತು ಸರ್' ಬಿಟ್ಟು ಬೇರೆ ಮಾತು ಹೇಳಿದವಳಲ್ಲ. "ಸರ್, ವಾರ್ತೇಲಿ ನಾಪತ್ತೆ ಅನ್ನೋ ಪದ ಇಲ್ಲ," ಎಂದೆ.

"ಅರ್ಥ ಅದೇ ತಾನೆ?"

"ಅಲ್ಲ ಸರ್. ಸಂಪರ್ಕ ಇಲ್ಲ ಅಂದ್ರೆ ಅವರ ಮಾತು ಕೇಳಿಸ್ತಿಲ್ಲ ಅಂತ. ನಾಪತ್ತೆ ಅಂದ್ರೆ..." ಮುಂದಕ್ಕೆ ಹೋಗಲಿಲ್ಲ ಮಾತು. "ಮೂರು ಗಂಟೆಯಿಂದ ಅನ್ನೋದೂ ಹೋಗುತ್ತೆ. ಹೇಳಿದವರು ಯಾರು ಅನ್ನೋದೂ ಹೋಗುತ್ತೆ. ನೀವೇ ಹೇಳಿದ್ರಿ, ಆ ಮೂರೂ ಇಲ್ದಿದ್ರೆ..."

"ಹರಟೆ," ಎಂದು ಅವರೇ ಮುಗಿಸಿದರು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು, ಈ ಹುಡುಗಿಗೆ ಬಾಯಿ ಯಾವಾಗ ಬಂತು ಎನ್ನುವ ಹಾಗೆ.

ಆಗ ಅಕ್ಕ ಹೇಳಿದರು, ತಲೆ ಎತ್ತದೆ: "ಸರ್, ಆ ನಾಲ್ವರಲ್ಲಿ ನನ್ನ ತಮ್ಮ ಇದ್ದಾನೆ. ಬೆಳಿಗ್ಗೆ ನಾನು ಆ ವಾಕ್ಯಗಳನ್ನ ಬಿಟ್ಟು ಟೈಪ್ ಮಾಡಿದ್ದೆ. ಇವಳು ಕಂಡುಹಿಡಿದಳು. ಈಗ ಸೇರಿಸಿದೀನಿ."

ಸಂಪಾದಕರು ಕುರ್ಚಿ ಎಳೆದು ಕೂತರು. ತಾವು ಅಂಚಿನಲ್ಲಿ ಬರೆದದ್ದನ್ನು ಎರಡು ಗೆರೆ ಎಳೆದು ಹೊಡೆದರು, ಕೆಳಗೆ ಸಹಿ ಹಾಕಿದರು. ಆಮೇಲೆ, "ಈಜಿನವರು ಫೋನ್ ಮಾಡಿದ್ರೆ ನನಗೆ ಕೊಡು," ಎಂದು ನನಗೆ ಹೇಳಿ, ಅಕ್ಕನ ಕಡೆ ತಿರುಗಿದರು. "ನೀವು ಮನೆಗೆ ಹೊರಡಿ. ಅಮ್ಮನ ಹತ್ತಿರ ಇರಿ."

"ಏಳು ಐದರ ವಾರ್ತೆ ಇದೆಯಲ್ಲ ಸರ್."

"ನಾನು ಮಾಡ್ತೀನಿ ಅಕ್ಕ," ಎಂದೆ.

"ನೀನಾ? ನಿನ್ನ ಬೆರಳಿಗೆ ಮಧ್ಯಾಹ್ನ ಆಗುತ್ತೆ." ಆದರೂ ಎದ್ದು ಚಪ್ಪಲಿ ಮೆಟ್ಟಿದರು. ಬಾಗಿಲಿನವರೆಗೆ ಹೋಗಿ ತಿರುಗಿ, "ಪೆಡಲ್ ಜೋರಾಗಿ ಒದೀಬೇಡ, ಅದಕ್ಕೂ ವಯಸ್ಸಾಗಿದೆ," ಎಂದರು.

ಅವರ ಮನೆ ಹತ್ತು ನಿಮಿಷದ ದಾರಿ. ಆರೂ ಮುಕ್ಕಾಲಿಗೆ ಸರಿಯಾಗಿ ಹಾಳೆ ಕಳಿಸುವ ಗುಂಡಿ ಒತ್ತುವಾಗ, ಅಕ್ಕ ಅರ್ಧ ದಾರಿಯಲ್ಲಿರಬಹುದು ಎಂದು ಲೆಕ್ಕ ಹಾಕಿದೆ. ಅವತ್ತು ಅವರ ತಾಯಿ ಕಾಲು ಗಂಟೆ ಮುಂಚೆಯೇ ಹಾಳೆ ತೆರೆದರೆ, ಎನ್ನುವ ಯೋಚನೆ ಆಮೇಲೆ ಬಂತು. ಒತ್ತಿದ್ದು ವಾಪಸ್ ಬರುವುದಿಲ್ಲ.

ಏಳು ಐದರ ವಾರ್ತೆಯಲ್ಲಿ ದೋಣಿಯ ವಿಷಯ ಅದೇ ಇತ್ತು, ಹೊಸದೇನೂ ಇಲ್ಲ. ಅದನ್ನು ಮೊದಲು ಕೇಳಿಕೊಂಡು, ಆಮೇಲೆ ಮೊದಲಿನಿಂದ ಟೈಪ್ ಮಾಡಲು ಕೂತೆ. ಎರಡು ವಾಕ್ಯಕ್ಕೆ ಒಂದು ಸಲ ಹಿಂದಕ್ಕೆ ಹೋಗಬೇಕಾಗುತ್ತಿತ್ತು. ಏಳೂಮುಕ್ಕಾಲಿಗೆ ಮೇಜಿನ ಫೋನ್ ರಿಂಗಾಯಿತು. ಈಜಿನವರು ಎಂದುಕೊಂಡು ಎತ್ತಿದೆ.

"ನಾನು ಕಣೇ," ಎಂದರು ಅಕ್ಕ.

"ಅಮ್ಮ ಹೇಗಿದ್ದಾರೆ?"

"ನಾನು ಬರೋ ಹೊತ್ತಿಗೆ ಓದ್ತಾ ಕೂತಿದ್ದಳು. ನಾಲ್ಕನೇ ಸಾಲಿಗೆ ಬಂದಿದ್ದಳು. ಪಕ್ಕದಲ್ಲಿ ಕೂತೆ. ಐದನೇದು ಓದಿದಳು. ಮತ್ತೆ ಓದಿದಳು. ನಿನ್ನ ಹಾಗೇ, ಮೂರು ಸಲ." ಅಕ್ಕನ ದನಿ ಒಡೆದಿತ್ತು, ಆದರೆ ಅದರೊಳಗೆ ನಗುವೂ ಇತ್ತು. "ಆಮೇಲೆ ಕೇಳ್ತಾಳೆ, ಇದು ಹೇಳಿದ್ದು ಬಂದರು ಅಧಿಕಾರೀನಾ? ಅವನು ಕಚೇರೀಲಿ ಕೂತಿರೋನು, ಅವನಿಗೇನು ಗೊತ್ತು. ಮಧ್ಯಾಹ್ನ ಮೂರಕ್ಕೆ ಮಾತು ನಿಂತಿದೆ, ಗಾಳಿ ಜೋರಾಗಿದ್ದು ಸಂಜೆ ಐದಕ್ಕೆ, ನಾನು ಒಣಗಿದ ಬಟ್ಟೆ ಎತ್ತಿದ್ದು ಆಗಲೇ. ಗಾಳಿಗೆ ಮುಂಚೇನೇ ನಿಂತಿದೆ ಅಂದ್ರೆ ಬ್ಯಾಟರಿ ಹೋಗಿದೆ. ಇವನು ಆ ಮಾತಾಡೋ ಪೆಟ್ಟಿಗೇನ ಎಂದು ಚಾರ್ಜ್ ಮಾಡಿದ್ದ? ಎರಡು ಗಂಟೆ ಸಮಯ ಸಿಕ್ಕಿದೆ, ದಕ್ಷಿಣದ ಬಂಡೆ ಮರೆಗೆ ಹೋಗಿ ಕೂತಿರ್ತಾನೆ. ಹೀಗೆ."

ಅಕ್ಕನ ತಂದೆಯೂ ಕಡಲಿಗೆ ಹೋಗುತ್ತಿದ್ದವರು. ನಲವತ್ತು ವರ್ಷ ದಡದಲ್ಲಿ ಕಾದ ಹೆಂಗಸಿಗೆ 'ಮಧ್ಯಾಹ್ನ 3ರಿಂದ' ಎನ್ನುವ ಎರಡು ಪದ ಸಾಕಾಗಿತ್ತು. ನಾಪತ್ತೆ ಎಂದಿದ್ದರೆ ಆಕೆಗೆ ಲೆಕ್ಕ ಹಾಕಲು ಏನೂ ಉಳಿಯುತ್ತಿರಲಿಲ್ಲ.

"ಎದೆ ನೋವು?"

"ಇಲ್ಲ. ಮಾತ್ರೆ ಕೊಟ್ಟೆ, ನುಂಗಿದಳು. ಆಮೇಲೆ ನನ್ನ ಮುಖ ನೋಡಿ, ಇದನ್ನ ಬೆಳಿಗ್ಗೆ ನೀನೇ ಕೇಳಿ ಬರೆದೆಯಾ, ಒಬ್ಬಳೇ ಕೂತು? ಅಂದಳು. ಹೌದು ಅಂತ ತಲೆ ಆಡಿಸಿದೆ. ನನ್ನ ತಲೇನ ಎಳೆದು ಮಡಿಲಲ್ಲಿ ಇಟ್ಕೊಂಡಳು." ಅಕ್ಕ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. "ನನಗೆ ಐವತ್ತು ವರ್ಷ ಕಣೇ. ಮಗು ಹಾಗೆ ಅತ್ತುಬಿಟ್ಟೆ. ಅವಳು ಅಳಲಿಲ್ಲ."

ಆ ದಿನ ನನ್ನ ಪಾಳಿ ಒಂದು ಗಂಟೆಗೆ ಮುಗಿಯಬೇಕಿತ್ತು. ಮನೆಗೆ ಹೋಗಲಿಲ್ಲ. ಹನ್ನೆರಡೂವರೆಯ ವಾರ್ತೆಯಲ್ಲಿ ಶೋಧ ಮುಂದುವರಿದಿದೆ ಎಂದರು. ಎರಡೂವರೆಯದರಲ್ಲೂ ಅದನ್ನೇ. ಸಂಪಾದಕರು ಊಟದ ಡಬ್ಬಿಯ ಮುಚ್ಚಳ ತೆಗೆದು, ಅರ್ಧ ನನ್ನ ಮುಂದೆ ತಳ್ಳಿದರು. ಮೂರೂವರೆಗೆ ಅಕ್ಕನ ಫೋನ್ ಬಂತು, ವಾರ್ತೆಗಿಂತ ಮುಂಚೆ. ಬಂಡೆಯ ಮರೆಯಲ್ಲಿ ಅವರು ಇರಲಿಲ್ಲ. ಎಂಜಿನ್ ಕೆಟ್ಟು, ದೋಣಿ ಗಾಳಿ ಎಳೆದತ್ತ ಹೋಗಿ, ಒಂದು ಸರಕು ಹಡಗಿನ ಕಣ್ಣಿಗೆ ಬಿದ್ದಿತ್ತು. ನಾಲ್ವರೂ ಇದ್ದಾರೆ. ತಮ್ಮನ ಎಡಗೈ ಮುರಿದಿದೆ, ಬಾಯಿ ಸರಿಯಾಗಿದೆ.

"ಅಮ್ಮ ಏನಂದ್ರು?"

"ಬಂಡೆ ಮರೆಗೆ ಹೋಗಿದ್ರೆ ಕೈ ಉಳೀತಿತ್ತಲ್ಲ ಅಂತ ಬೈತಾ ಇದ್ದಾಳೆ."

ಮರುದಿನ ಐದು ಗಂಟೆಗೇ ಅಕ್ಕ ಮೇಜಿನಲ್ಲಿ ಕೂತಿದ್ದರು. ಕಣ್ಣು ಊದಿತ್ತು. ಐದೂವರೆಯ ವಾರ್ತೆಯಲ್ಲಿ ದೋಣಿಗೆ ಸಿಕ್ಕಿದ್ದು ಇಪ್ಪತ್ತು ಸೆಕೆಂಡು, ಕೊನೆಗೆ. ಪುಟ ಬಂದ ಮೇಲೆ ನಾನು ಅದನ್ನು ಎಲ್ಲಕ್ಕಿಂತ ಮೇಲೆ ಬರೆದುಕೊಂಡೆ. ಅಕ್ಕ ನನ್ನ ಹಿಂದೆ ಬಂದು ನಿಂತರು.

"ಇದನ್ನ ಯಾಕೆ ಮೇಲೆ ಹಾಕಿದೀಯ? ಇವತ್ತಿಂದ ಅರ್ಧ ಊರಿಗೆ ನೀರಿಲ್ಲ. ಅದು ಮೇಲೆ. ಇದು ಕೆಳಗೆ."

"ಎಂಟನೇದಾ?"

"ಎಂಟನೇದು."

ಎಂಟನೆಯದಾಗಿ ಬರೆದೆ: 'ಉತ್ತರ ಬಂದರಿನ ಮೂರನೇ ದೋಣಿಯ ನಾಲ್ವರನ್ನು ಮಂಗಳವಾರ ಮಧ್ಯಾಹ್ನ ಸರಕು ಹಡಗು ರಕ್ಷಿಸಿದೆ: ಬಂದರು ಅಧಿಕಾರಿ.' ಎಣಿಸಿದೆ.

ಅಕ್ಕ ಓದಿ, ಒಂದು ಕ್ಷಣ ಅನುಮಾನಿಸಿ, "ನಿನ್ನೆ ರಾತ್ರಿ ಅವನು ಆಸ್ಪತ್ರೆಯಿಂದ ಫೋನ್ ಮಾಡಿದ್ದ," ಎಂದರು. "ನಮ್ಮನ್ನ ರಕ್ಷಿಸಿದ್ರು ಅಂತ ಹಾಕ್ಬೇಡಿ, ಮಾನ ಹೋಗುತ್ತೆ, ಹಗ್ಗ ಕಟ್ಟಿ ಎಳ್ಕೊಂಡು ಬಂದ್ರು ಅಂತ ಹಾಕಿ ಅಂದ."

ನಾನು ಅವರು ಟೈಪ್ ಮಾಡಿದ ಪುಟ ನೋಡಿದೆ. "ವಾರ್ತೇಲಿ ರಕ್ಷಿಸಿದೆ ಅಂತಾನೇ ಇದೆ ಅಕ್ಕ."

"ಗೊತ್ತು. ನಾನೇ ಹೊಡೆದಿದ್ದು." ಅವರು ಫ್ಲಾಸ್ಕ್ ಎತ್ತಿ ಎರಡು ಲೋಟಕ್ಕೆ ಚಹಾ ಬಗ್ಗಿಸಿದರು. "ಹಾಗಾದ್ರೆ ಹಾಗೇ ಇರಲಿ. ಅವನಿಗೆ ನಾನು ಹೇಳ್ಕೋತೀನಿ."